ಒಪ್ಪಿಸಿದ ಮಾತು

ಮಹಿಳಾ ಮಂಡಳದ ಸಭೆ ಆ ಭಾನುವಾರ ವಾಚನಾಲಯದಲ್ಲಿ ಸೇರಿದಾಗ ನೀಲಾಂಬಿಕೆ ಎಂದಿನಂತೆ ಗೋಡೆಗೆ ಬೆನ್ನು ಅಂಟಿಸಿ ಕುಳಿತಿದ್ದಳು. ಊರಿಗೆ ಅವಳೊಬ್ಬಳೇ ಬಿ.ಎ. ಮುಗಿಸಿದ ಹುಡುಗಿ. ಆ ಕಾರಣಕ್ಕೇ ಅವಳನ್ನು ಮಂಡಳದ ಕಾರ್ಯದರ್ಶಿ ಮಾಡಿದ್ದರು. ನಾಲ್ಕು ಜನರೆದುರು ಅವಳಿಗೆ ಮಾತೇ ಹೊರಡುವುದಿಲ್ಲವೆಂಬುದು ಯಾರಿಗೂ ಲೆಕ್ಕಕ್ಕೆ ಬಂದಿರಲಿಲ್ಲ. ಅಧ್ಯಕ್ಷೆ ಗೌರಕ್ಕ ಅವಳ ಸೋದರತ್ತೆ. ಗಂಡನನ್ನು ಕಳೆದುಕೊಂಡು ಬಹಳ ಹಿಂದೆಯೇ ತವರಿಗೆ ಬಂದು, ಈಗ ಆ ದೊಡ್ಡ ಮನೆಯ ಕೀಲಿ ಕೈಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡವಳು.

ಸಭೆಯ ಮುಂದಿದ್ದ ವಿಷಯ ಒಂದೇ. ಊರಿಗೆ ಚಿಕ್ಕ ಮಕ್ಕಳ ಬಾಲವಾಡಿ ಮಂಜೂರಾಗಿ ಬಂದಿತ್ತು. ಅದನ್ನು ಎಲ್ಲಿ ನಡೆಸುವುದೆಂದು ಮಂಡಳ ಠರಾವು ಮಾಡಿ ನವಲಗುಂದದ ಬ್ಲಾಕ್ ಆಫೀಸಿಗೆ ಕಳಿಸಬೇಕಿತ್ತು. ಗೌರಕ್ಕ ತಮ್ಮ ಮನೆಯ ಹೊರಗಿನ ಪಡಸಾಲೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡುತ್ತೇನೆ ಎಂದಿದ್ದಳು. ಊರ ಅಗಸಿಬಾಗಿಲಿನಾಚೆಯ ಕೇರಿಯ ಹೆಂಗಸರ ಪರವಾಗಿ ಫಕೀರವ್ವ ಎದ್ದು, ಕೇರಿಯ ಸಮುದಾಯ ಭವನ ಖಾಲಿ ಬಿದ್ದಿದೆ, ಅಲ್ಲಿ ಮಾಡಿರಿ ಎಂದಿದ್ದಳು.

ಆ ವಾಚನಾಲಯದಲ್ಲಿ ಎರಡು ಪಕ್ಷವಾದಾಗ ಒಂದು ಪದ್ಧತಿ ಇತ್ತು. ನಿವೃತ್ತರಾಗಿದ್ದ ಮಡಿವಾಳೆಪ್ಪ ಮಾಸ್ತರರು ಗಂಡುಹುಡುಗರ ಚರ್ಚಾಕೂಟಕ್ಕೆಂದು ಹಾಕಿಕೊಟ್ಟದ್ದನ್ನು ಮಂಡಳವೂ ಹಿಡಿದುಕೊಂಡಿತ್ತು. ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರ ಮಾತನ್ನು ನಿಮ್ಮ ಬಾಯಿಂದ ಅವರಿಗೇ ಒಪ್ಪಿಸಬೇಕು. ಸಭೆ ನಡೆಸಿಕೊಡುವ ಮಾಸ್ತರರು ಆ ಎದುರಿನವರ ಕಡೆ ತಿರುಗಿ, “ನೀ ಅಂದದ್ದು ಇದಽ ಏನು?” ಎಂದು ಕೇಳುತ್ತಾರೆ. ಹೌದು ಎಂದರೆ ಮುಂದಿನ ಮಾತು. ಅಲ್ಲ ಎಂದರೆ ಮತ್ತೊಮ್ಮೆ ಒಪ್ಪಿಸಬೇಕು. ಕೈ ಎತ್ತುವುದು ಮಾತ್ರ ಅದೇ ದಿನವಲ್ಲ, ಮುಂದಿನ ಭಾನುವಾರ. ಮಾತು ಆರಿದ ಮೇಲೆ ಕೈ ಎತ್ತಬೇಕು ಎನ್ನುತ್ತಿದ್ದರು ಮಾಸ್ತರರು.

ಫಕೀರವ್ವ ಹೇಳಿದ್ದು ಹೆಚ್ಚೇನೂ ಇರಲಿಲ್ಲ. ಅವಳು ನಿಂತಲ್ಲೇ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಅಂದಳು: “ನಮ್ಮ ಹೆಣ್ಮಕ್ಕಳು ಹೊತ್ತು ಮೂಡೂದರಾಗ ಹತ್ತಿ ಬಿಡಸಾಕ ಹೋಗತಾರ್ರಿ. ಕೂಸುಗೋಳನ್ನ ಹೊಲದಾಗ ಬನ್ನಿಗಿಡಕ್ಕ ಜೋಳಗಿ ಕಟ್ಟಿ ಹಾಕತೀವಿ. ಭವನ ಬಾಜೂಕಽ ಐತಿ, ಬಿಟ್ಟು ಹೋಗಾಕ ಸವಡು, ಅನುಕೂಲ ಆಕ್ಕೈತಿ. ಓಣಿ ಮಕ್ಕಳೂ ಬರಲಿ, ನಾವೇನು ಬ್ಯಾಡ ಅನ್ನೂದಿಲ್ಲ. ಅಲ್ಲಿ ಒಳಗ, ಹೊರಗ ಅನ್ನೂದು ಇರೂದಿಲ್ರಿ.” ಕೊನೆಯ ಮಾತನ್ನು ಅವಳು ನೆಲ ನೋಡುತ್ತ, ತೀರ ಸಣ್ಣ ದನಿಯಲ್ಲಿ ಹೇಳಿ ಕುಳಿತುಬಿಟ್ಟಳು.

ಗೌರಕ್ಕ ನೀಲಾಂಬಿಕೆಯ ಮೊಣಕೈ ತಿವಿದಳು. “ಏಳು. ಇಷ್ಟು ಓದೀದಿ, ನೀನಽ ಒಪ್ಪಿಸು.”

ನೀಲಾಂಬಿಕೆ ಎದ್ದಳು. ಧಾರವಾಡದ ಕಾಲೇಜಿನಲ್ಲಿ ಅವಳು ಒಂದು ಸಲವೂ ವೇದಿಕೆ ಹತ್ತಿದವಳಲ್ಲ. ಆದರೆ ವೇದಿಕೆ ಹತ್ತುವವರಿಗೆ ಚರ್ಚಾಸ್ಪರ್ಧೆಯ ಭಾಷಣ ಬರೆದುಕೊಟ್ಟು ಎರಡು ಬಹುಮಾನದ ಢಾಲು ಗೆಲ್ಲಿಸಿದ್ದಳು. ಆ ಕಸುಬು ಅವಳ ಕೈಗೆ ಕೂತುಬಿಟ್ಟಿತ್ತು. ಎದುರಾಳಿ ಹೇಳಿದ ಹತ್ತು ಮಾತಿನಲ್ಲಿ ತೀರ ಸೊರಗಿದ ಒಂದನ್ನು ಹುಡುಕಬೇಕು. ಅದಕ್ಕೆ ಒಂದು ‘ಅಷ್ಟೇ’ ಸೇರಿಸಬೇಕು. ಅದೇ ಅವರ ಇಡೀ ವಾದ ಎನ್ನುವಂತೆ ಎತ್ತಿ ಹಿಡಿಯಬೇಕು. ಜನ ನಕ್ಕರೆ ಮುಗಿಯಿತು, ಉಳಿದ ಒಂಬತ್ತಕ್ಕೆ ಉತ್ತರ ಕೊಡುವ ಕೆಲಸವೇ ಇಲ್ಲ.

“ಫಕೀರವ್ವ ಹೇಳೂದು ಇಷ್ಟು,” ಎಂದಳು. ತನ್ನ ದನಿ ನಡುಗದೇ ಇದ್ದದ್ದು ಅವಳಿಗೇ ಆಶ್ಚರ್ಯ. “ಬಾಲವಾಡಿ ಅವರ ಕೇರಿಗೆ ಅಷ್ಟಽ ಸವಡಾದ್ರ ಸಾಕು. ಊರ ಮಕ್ಕಳು ಬಂದ್ರ ಬರಲಿ, ಬಿಟ್ರ ಬಿಡಲಿ. ಕೂಸು ಎತ್ತಿಕೊಂಡು ಅಗಸಿ ದಾಟಿ ನಾಕು ಹೆಜ್ಜಿ ಬರಾಕ ಅವರಿಗೆ ಬ್ಯಾಸರ.”

ಹೆಂಗಸರು ಕಿಸಕ್ಕನೆ ನಕ್ಕರು. “ಹೊಲಕ್ಕ ಎರಡು ಹರದಾರಿ ನಡೀತಾರ, ಅಗಸಿ ದಾಟಾಕ ಕಾಲು ನೋಯ್ತಾವೇನ ಬೇ ಇವಕ್ಕ?” ಎಂದು ಯಾರೋ ಸೇರಿಸಿದರು. ನಗು ಇನ್ನಷ್ಟು ಹಬ್ಬಿತು. ಹಿಟ್ಟಿನ ಗಿರಣಿಯ ಜೈನಬಿ ಒಬ್ಬಳು ನಗಲಿಲ್ಲ. ಅವಳು ಹಿಟ್ಟು ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡಳು.

ಮಾಸ್ತರರು ಕನ್ನಡಕ ಏರಿಸಿಕೊಂಡು ತಿರುಗಿದರು. “ಫಕೀರವ್ವಾ, ನೀ ಅಂದದ್ದು ಇದಽ ಏನು?”

ಫಕೀರವ್ವ ಎದ್ದಳು. ಮೊದಲು ಗೌರಕ್ಕನ ಮುಖ ನೋಡಿದಳು, ಆಮೇಲೆ ನೀಲಾಂಬಿಕೆಯ ಮುಖ. ಏಳನೆಯ ಇಯತ್ತೆಯವರೆಗೆ ಇಬ್ಬರೂ ಒಂದೇ ಶಾಲೆ. ಆಗ ಫಕೀರವ್ವನ ಬಾಯಿಗೆ ಗಂಡುಹುಡುಗರೂ ಹೆದರುತ್ತಿದ್ದರು. “ಅಲ್ಲ” ಎಂದು ಅವಳು ಈಗ ಕೂಗುತ್ತಾಳೆ ಎಂದು ನೀಲಾಂಬಿಕೆ ಕಾದಳು.

“ಹೌದ್ರಿ,” ಎಂದಳು ಫಕೀರವ್ವ.

ಮಾಸ್ತರರು ಕನ್ನಡಕ ತೆಗೆದು ಮಡಿಚಿದರು. ಪದ್ಧತಿಯ ಪ್ರಕಾರ ಇನ್ನು ಕೇಳುವುದೇನೂ ಇರಲಿಲ್ಲ. ಬಾಲವಾಡಿ ಒಂದು ಕೇರಿಯದಲ್ಲ, ಇಡೀ ಊರಿನದು ಎಂದು ನೀಲಾಂಬಿಕೆ ಉತ್ತರ ಹೇಳಿದಳು. ಯಾರೂ ಆಡದ ಮಾತಿಗೆ ಉತ್ತರ ಹೇಳುವುದು ಬಹಳ ಸುಲಭವಾಗಿತ್ತು. ಸಭೆ ಮುಗಿದಾಗ ಗೌರಕ್ಕ ಅವಳ ಬೆನ್ನು ಸವರಿ, “ಬಾಯಿ ಇಲ್ಲದ ಹುಡುಗಿ ಅಂತಿದ್ರು ನೋಡು,” ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಆ ಕೈ ಬೆನ್ನ ಮೇಲಿಂದ ಎಷ್ಟು ಹೊತ್ತಿಗೆ ಇಳಿದೀತು ಎಂದು ನೀಲಾಂಬಿಕೆಗೆ ಅನಿಸಿತು.

ಆ ವಾರವಿಡೀ ಅವಳಿಗೆ ತಟ್ಟೆಯ ಮುಂದೆ ಕೂತರೆ ಅದೇ, ಬಾವಿಗೆ ಹೋದರೆ ಅದೇ. ಹೇಳಿದ್ದಕ್ಕಿಂತ ಬಿಟ್ಟದ್ದು ಕಾಡುತ್ತಿತ್ತು. ಒಳಗ, ಹೊರಗ. ಕೇಳಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ಆಗಲಿಲ್ಲ. ಕೇಳಿಸಿತ್ತು. ಕೇಳಿಸಿದ್ದರಿಂದಲೇ ಬಿಟ್ಟಿದ್ದಳು. ಅದೊಂದನ್ನು ಒಪ್ಪಿಸಿದ್ದರೆ ಯಾರೂ ನಗುತ್ತಿರಲಿಲ್ಲ.

ಗುರುವಾರ ಆಳುಗಳಿಗೆ ಬುತ್ತಿ ಕೊಡುವ ನೆಪದಲ್ಲಿ ಹೊಲಕ್ಕೆ ಹೋದಳು. ಎರೆಮಣ್ಣಿನ ಬಿರುಕುಗಳ ಮೇಲೆ ಹತ್ತಿ ಒಡೆದು ನಿಂತಿತ್ತು. ಫಕೀರವ್ವ ಸೊಂಟಕ್ಕೆ ಕಟ್ಟಿದ ಉಡಿಯಲ್ಲಿ ಹತ್ತಿ ತುಂಬುತ್ತ ಸಾಲು ಹಿಡಿದು ಬರುತ್ತಿದ್ದಳು. ಅವಳ ಮೂರು ವರ್ಷದ ಮಗಳು ಸಣ್ಣವ್ವ ಬದುವಿನ ಮೇಲೆ ಕುಳಿತು ಹತ್ತಿಕಾಯಿಯ ತೊಗಟೆಗಳನ್ನು ಒಂದರೊಳಗೊಂದು ಇಡುತ್ತಿತ್ತು.

“ಫಕೀರವ್ವ, ಮೊನ್ನೆ ನೀ ಹೌದು ಯಾಕ ಅಂದಿ?”

“ನೀವಽ ಒಪ್ಪಿಸಿದ್ರಲ್ರಿ ಅಕ್ಕಾರ.” ಫಕೀರವ್ವನ ಕೈ ನಿಲ್ಲಲಿಲ್ಲ.

“ನಾ ತಪ್ಪು ಒಪ್ಪಿಸಿದ್ದೆ. ನಿನಗ ಗೊತ್ತಿತ್ತು.”

“ನಿಮಗೂ ಗೊತ್ತಿತ್ತಲ್ರಿ.”

ಫಕೀರವ್ವ ನಡು ನೆಟ್ಟಗೆ ಮಾಡಿ ನಿಂತಳು. “ಗೌರಕ್ಕಾರು ಬಾಜೂಕ ಕುಂತಾರ. ಅವರ ಹೊಲದಾಗ ನಾ ಹತ್ತಿ ಬಿಡಸ್ತೀನಿ. ಅಂಥಾದ್ರಾಗ ಮಾಸ್ತರು ನನ್ನ ಎಬ್ಬಿಸಿ, ಇದಽ ಏನು ಅಂತ ಕೇಳಿದ್ರ, ಗೌರಕ್ಕಾರ, ನಿಮ್ಮ ಸೊಸಿ ಸುಳ್ಳು ಹೇಳ್ಯಾಳ್ರಿ ಅನಬೇಕಾಗಿತ್ತೇನು? ಅಂದು, ನಾಳಿಗೆ ಯಾವ ಹೊಲಕ್ಕ ಹೋಗ್ಲಿ?” ಎಂದು ನಕ್ಕಳು. “ಸಾಲ್ಯಾಗ ಇದ್ದಾಗ ಆಗಿದ್ರ ನಿಮ್ಮ ಜಡಿ ಹಿಡದು ಜಗ್ಗತಿದ್ದೆ.”

“ಈಗೂ ಜಗ್ಗು.”

“ಬಿಡ್ರಿ, ಬಿಸಲ ಏರಾಕತೈತಿ,” ಎಂದು ಫಕೀರವ್ವ ಮತ್ತೆ ಬಾಗಿದಳು. ಒಂದು ಕಾಲಕ್ಕೆ ಅವಳು ಇವಳನ್ನು ‘ಲೇ ನೀಲಿ’ ಎಂದು ಕರೆಯುತ್ತಿದ್ದಳು.

ಸಂಜೆ ನೀಲಾಂಬಿಕೆ ಮಾಸ್ತರರ ಮನೆಗೆ ಹೋದಳು. ಅವರು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತು ಹಗಲೆಲ್ಲ ಬಿಸಿಲಿಗೆ ಕಾಯಿಸಿದ ರೇಡಿಯೊದ ಸೆಲ್ಲುಗಳನ್ನು ಮತ್ತೆ ಹಾಕುತ್ತಿದ್ದರು. ಅವಳ ಮಾತು ಪೂರ್ತಿಯಾಗುವ ಮೊದಲೇ ತಲೆಯಾಡಿಸಿದರು.

“ನಾನೂ ಕೇಳಿಸಿಕೊಂಡಿದ್ದೆ ತಂಗಿ. ಕಡೀ ಮಾತು ನೀ ಬಿಟ್ಟಿ. ಆದ್ರ ಆಕೀನಽ ಹೌದು ಅಂದಮ್ಯಾಲ ನಾ ಏನು ಮಾಡ್ಲಿ ಅಂತ ಸುಮ್ಮನಾದೆ. ಸುಮ್ಮನಾಗೂದು ನನಗೂ ಸವಡಿತ್ತು. ಈ ಪದ್ಧತಿ ಹಾಕಿದಾಗ ಬರವ್ರೆಲ್ಲಾ ಸರೀಕರು. ಒಬ್ಬಾಂವ ತಪ್ಪು ಒಪ್ಪಿಸಿದ್ರ ಇನ್ನೊಬ್ಬಾಂವ ‘ಅಲ್ಲಲೇ ಮಗನಽ’ ಅಂತ ಎದ್ದು ಬರತಿದ್ದ. ಒದರಾಕ ಬರಲಾರದವರು ಬಂದು ಕುಂತಾಗ ಹೆಂಗಂತ ನಾ ವಿಚಾರ ಮಾಡಿರಲಿಲ್ಲ.”

“ಈಗೇನು ಮಾಡ್ಲಿ ಮಾಸ್ತರಽ?”

“ಕೈ ಎತ್ತೂದು ಇನ್ನೂ ಆಗಿಲ್ಲ. ಮತ್ತ ಒಪ್ಪಿಸು. ಎದುರಿನವರು ಕೇಳಿ, ನನಗಽ ಇಷ್ಟು ಚಂದ ಹೇಳಾಕ ಬಂದಿರಲಿಲ್ಲ ಅನಬೇಕು, ಹಂಗ ಒಪ್ಪಿಸು.”

ಅವಳು ಹಿಡಿದುಕೊಂಡದ್ದು ಆ ‘ಚಂದ’ವನ್ನೇ.

ಭಾನುವಾರ ಸಭೆಯಲ್ಲಿ ಗೌರಕ್ಕ, “ಎಲ್ಲಾರೂ ಕೈ ಎತ್ರಿ, ಮನ್ಯಾಗ ರೊಟ್ಟಿ ಕೆಲಸ ಐತಿ,” ಎನ್ನುವಷ್ಟರಲ್ಲಿ ನೀಲಾಂಬಿಕೆ ಎದ್ದು ನಿಂತಳು. ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು.

“ಹೋದ ವಾರ ನಾ ಫಕೀರವ್ವನ ಮಾತು ಸರಿಯಾಗಿ ಒಪ್ಪಿಸಲಿಲ್ಲ. ಮತ್ತೊಮ್ಮೆ ಒಪ್ಪಿಸ್ತೀನಿ.”

“ಆಕಿ ಹೌದು ಅಂದು ಮುಗದೈತಿ,” ಎಂದಳು ಗೌರಕ್ಕ. “ಹಳೇ ರೊಟ್ಟಿ ಮತ್ತ ಯಾಕ ಹಂಚಿಗೆ ಹಾಕತಿ?”

“ಹಾಕಲಿ ಬಿಡ್ರಿ ಗೌರಕ್ಕ, ಬಿಸಿಯರ ಆಕ್ಕೈತಿ,” ಎಂದಳು ಜೈನಬಿ ಮೂಲೆಯಿಂದ. ಒಂದಿಬ್ಬರು ನಕ್ಕರು. ಮಾಸ್ತರರು ಕೈಸನ್ನೆ ಮಾಡಿದರು.

ನೀಲಾಂಬಿಕೆ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳತೊಡಗಿದಳು. ದುಡಿಯುವ ತಾಯಂದಿರು ಬೆಳಗಿನ ಮಂಜಿನಲ್ಲೇ ಹೊಲ ಸೇರುತ್ತಾರೆ. ಎಲ್ಲರಿಗಿಂತ ಮೊದಲು ಬಾಲವಾಡಿ ಬೇಕಾದದ್ದು ಅವರ ಕೂಸುಗಳಿಗೆ. ಆದ್ದರಿಂದ ಅದು ಅವರ ಮನೆಗೆ ಹತ್ತಿರ ಇರುವುದು ನ್ಯಾಯ. ಭವನ ಸರಕಾರದ್ದು, ಅಲ್ಲಿ ಯಾರ ಹಂಗೂ ಇಲ್ಲ. ಓಣಿಯ ಮಕ್ಕಳನ್ನು ಅವರು ಬೇಡವೆಂದಿಲ್ಲ, ಬರಲಿ ಎಂದೇ ಕರೆದಿದ್ದಾರೆ. ಬೇಸರಕ್ಕೆ ಹಾಗೆ ಕೇಳಿದರು ಎಂದದ್ದು ತನ್ನ ಸ್ವಂತದ ಮಾತು, ಅವರದಲ್ಲ.

ಹೇಳುತ್ತ ಹೇಳುತ್ತ ಅವಳಿಗೆ ಹಗುರವಾಗತೊಡಗಿತು. ಮಾತು ಅಂದವಾಗಿಯೇ ಬಂದಿತ್ತು. ಹೋದ ವಾರ ನಕ್ಕವರು ಈಗ ತಲೆದೂಗುತ್ತಿದ್ದರು. ಒಂದನ್ನು ಮಾತ್ರ ಅವಳು ಈ ಸಲವೂ ಬಿಟ್ಟಿದ್ದಳು. ಅದನ್ನು ಎಲ್ಲರೆದುರು ಎತ್ತಿದರೆ ಫಕೀರವ್ವನಿಗೇ ನೋವು ಎಂದು ರಾತ್ರಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

“ಫಕೀರವ್ವಾ, ಇದಽ ಏನು ನೀ ಅಂದದ್ದು?” ಮಾಸ್ತರರು ಈ ಸಲ ಅಲ್ಲಿಗೇ ನಿಲ್ಲಿಸಲಿಲ್ಲ. “ಅಲ್ಲ ಅನ್ನಾಕ ನಿನಗ ಹಕ್ಕೈತಿ. ಅಲ್ಲ ಅಂದ್ರ ನಿನ್ನ ಕೂಲಿಗೆ ಯಾರಾದ್ರೂ ಕಲ್ಲು ಹಾಕಿದ್ರ ಅದು ಈ ಸಭಾಕ್ಕ ಹಾಕಿದಂಗ. ಎಲ್ಲಾರೂ ಕೇಳಿಕೋರಿ.” ಅವರು ಗೌರಕ್ಕನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಫಕೀರವ್ವ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಎದ್ದಳು.

“ಅಲ್ರಿ.”

ನೀಲಾಂಬಿಕೆಯ ಮುಷ್ಟಿಯಿಂದ ನೆರಿಗೆ ಜಾರಿತು.

“ಅಕ್ಕಾರು ಭಾಳ ಚಂದ ಹೇಳಿದ್ರು. ಕೇಳಾಕ ನನಗಽ ಹಿಗ್ಗಾತು. ಆದ್ರ ಅದು ಅವರ ಮಾತು, ನಂದಲ್ಲ.” ಫಕೀರವ್ವನ ದನಿ ಈಗ ಶಾಲೆಯ ದಿನಗಳ ದನಿಯಾಗಿತ್ತು. “ದೂರ ಅಂದ್ರ ನಾವು ನಡೀತೀವ್ರಿ. ನಡಿಯೂದು ನಮಗ ಹೊಸಾದೇನಲ್ಲ. ನಾ ಕೇಳೂದು ಇಷ್ಟಽ. ಗೌರಕ್ಕಾರ ಪಡಸಾಲ್ಯಾಗ ಬಾಲವಾಡಿ ಆದ್ರ ನನ್ನ ಸಣ್ಣಿ ಎಲ್ಲಿ ಕುಂಡ್ರತಾಳ್ರಿ? ಒಳಗೋ, ಕಟ್ಟಿ ಮ್ಯಾಲೋ? ಸಾಲ್ಯಾಗ ಉಪ್ಪಿಟ್ಟು ಕೊಡೂಮುಂದ ನಾ ಬಾಗಲದ ಹೊರಗ ಕುಂಡ್ರತಿದ್ದೆ. ಒಳಗ ಕುಂತವರಿಗೆ ನೆನಪಿಲ್ಲೇನೋ.”

ಒಳಗೆ ಕುಳಿತಿದ್ದ ನೀಲಾಂಬಿಕೆಗೆ ನೆನಪಿತ್ತು. ಹಳದಿ ಉಪ್ಪಿಟ್ಟು, ಮುತ್ತಲ ಎಲೆ, ಹೊಸ್ತಿಲಾಚೆ ಎಲೆ ಹಿಡಿದ ಫಕೀರವ್ವನ ಕೈ. ಆ ಕೈಗೆ ತಗಲದಂತೆ ಮೇಲಿಂದ ಬೀಳುವ ಉಪ್ಪಿಟ್ಟು. ತಾನು ಅದನ್ನು ನೋಡುತ್ತ ತನ್ನ ಪಾಲನ್ನು ತಿಂದು ಮುಗಿಸುತ್ತಿದ್ದದ್ದು.

“ಅಲ್ಲ ಅಂದಾಳ,” ಎಂದರು ಮಾಸ್ತರರು ಮೆಲ್ಲಗೆ. “ಮತ್ತ ಒಪ್ಪಿಸಬೇಕು ತಂಗಿ.”

ಬಾಯಿಪಾಠ ಮಾಡಿದ್ದೇನೂ ಈಗ ಉಪಯೋಗವಿರಲಿಲ್ಲ. ಗೌರಕ್ಕ ಪಕ್ಕದಲ್ಲಿಯೇ ಇದ್ದಳು. ಅವಳ ಸೊಂಟದ ಕೀಲಿ ಗೊಂಚಲು ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ನೀಲಾಂಬಿಕೆ ನೆಲ ನೋಡುತ್ತ ಶುರು ಮಾಡಿ, ಹಾಗೆ ಹೇಳುವ ಮಾತು ಇದಲ್ಲ ಅನಿಸಿ ತಲೆ ಎತ್ತಿದಳು.

“ಫಕೀರವ್ವ ಹೇಳೂದು ಏನಂದ್ರ... ನಮ್ಮ ಮನ್ಯಾಗ ಬಾಲವಾಡಿ ಆದ್ರ ಆಕಿ ಮಗಳನ್ನ ನಾವು ಹೊರಗ ಕುಂಡ್ರಸ್ತೀವಿ. ಭವನದಾಗ ಆದ್ರ ಯಾರನ್ನೂ ಹೊರಗ ಕುಂಡ್ರಸಾಕ ಬರೂದಿಲ್ಲ. ಅದಕ್ಕಽ ಭವನ ಬೇಕು.”

“ಇದಽ ಏನು ಫಕೀರವ್ವಾ?”

“ಹೌದ್ರಿ.” ಹೋದ ವಾರದ್ದೂ ಇದೇ ಪದ. ಈ ಸಲ ಅವಳು ಯಾರ ಮುಖವನ್ನೂ ಮೊದಲು ನೋಡಿರಲಿಲ್ಲ.

“ಇನ್ನ ನಿಮ್ಮ ಉತ್ತರ,” ಎಂದರು ಮಾಸ್ತರರು.

ನೀಲಾಂಬಿಕೆ ಅತ್ತೆಯ ಕಡೆ ತಿರುಗಿದಳು. ಹಾಗೇನೂ ಇಲ್ಲ, ಸಣ್ಣವ್ವ ಒಳಗೇ ಕೂರಲಿ ಎಂದು ಒಂದು ಮಾತು ಅವಳ ಬಾಯಿಂದ ಬಂದೀತೇ ಎಂದು ಕಾದಳು. ಎಲ್ಲರೂ ಕಾದರು. ಗೌರಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಉತ್ತರ ಇಲ್ರಿ ಮಾಸ್ತರಽ,” ಎಂದು ನೀಲಾಂಬಿಕೆ ಕುಳಿತಳು.

ಕೈ ಎತ್ತುವಾಗ ಭವನದ ಪರವಾಗಿ ಮೊದಲು ಕೇರಿಯ ಹೆಂಗಸರ ಕೈಗಳು, ಆಮೇಲೆ ಹಿಟ್ಟು ಮೆತ್ತಿದ ಜೈನಬಿಯ ಕೈ, ಅವಳನ್ನು ನೋಡಿ ಇನ್ನೂ ಕೆಲವು. ನೀಲಾಂಬಿಕೆ ತನ್ನದನ್ನೂ ಎತ್ತಿದಳು. ಅದು ಎಷ್ಟು ಭಾರವಿತ್ತೆಂದರೆ ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಡಬೇಕಾಯಿತು. ಅಂತೂ ಠರಾವು ಭವನಕ್ಕೇ ಆಯಿತು. ಅದನ್ನು ಬರೆಯಬೇಕಾದವಳು ಕಾರ್ಯದರ್ಶಿ. ಬರೆದಳು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಫಕೀರವ್ವ ಪಕ್ಕದಲ್ಲೇ ಹಾದುಹೋದಳು. “ಮೂರನೇ ಸಲಕ್ಕ ಬರೋಬ್ಬರಿ ಒಪ್ಪಿಸಿದ್ರಿ ನೋಡ್ರಿ. ಬಿ.ಎ. ಪಾಸಾದವರಿಗೆ ಅಷ್ಟು ಹೊತ್ತು ಬೇಕಽನೋ ಏನೋ,” ಎಂದಳು. ನಗುತ್ತಿದ್ದಳೋ ಇಲ್ಲವೋ ನೀಲಾಂಬಿಕೆಗೆ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ. ತಾಯಿಯ ಹೆಗಲ ಮೇಲಿಂದ ಸಣ್ಣವ್ವ ಮಾತ್ರ ಅವಳನ್ನೇ ನೋಡುತ್ತ ಹೋಯಿತು.

ಮನೆಯಲ್ಲಿ ಗೌರಕ್ಕ ಅಷ್ಟರಲ್ಲಾಗಲೇ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದಳು ನೀಲಾಂಬಿಕೆ. ಬೈದಿದ್ದರೆ ಒಳ್ಳೆಯದಿತ್ತು. ಹೊರಗಿನ ಕಟ್ಟೆಯ ಗೂಡಿನಲ್ಲಿ, ಅವಳಿಗೆ ಬುದ್ಧಿ ಬಂದಾಗಿನಿಂದ ಇರುವ ಅಲ್ಯೂಮಿನಿಯಂನ ಜರ್ಮನ್ ಲೋಟ ಬೋರಲಾಗಿ ಕುಳಿತಿತ್ತು. ಆಳುಗಳಿಗೆ ನೀರು ಕೊಡುವ ಲೋಟ. ದಿನಾ ಅದರ ಮುಂದೆಯೇ ಹಾದು ಒಳಗೆ ಬರುತ್ತಿದ್ದಳು. ಇವತ್ತೂ ಬಂದಳು.

“ಎಲ್ಲಾರ ಮಾತೂ ಒಪ್ಪಿಸಿದಿ,” ಎಂದಳು ಗೌರಕ್ಕ ಮೊರದಿಂದ ತಲೆ ಎತ್ತದೆ. “ನಂದೂ ಒಂದು ಒಪ್ಪಿಸು ನೋಡೂಣು. ನಾ ಯಾಕ ಪಡಸಾಲಿ ಕೊಡತೀನಿ ಅಂದೆ?”

ನೀಲಾಂಬಿಕೆ ಕಂಬ ಹಿಡಿದು ನಿಂತಳು. ಸಿಟ್ಟಿನಲ್ಲಿ ಹೇಳಬಹುದಾದ ಮಾತು ಒಂದು ನಾಲಿಗೆಯ ಮೇಲೆಯೇ ಇತ್ತು. ಹೆಸರು ಬೇಕಿತ್ತು ನಿನಗೆ, ಊರೆಲ್ಲ ಹೊಗಳಬೇಕಿತ್ತು. ಅದು ಸುಲಭದ್ದು. ಕಾಲೇಜಿನಲ್ಲಾಗಿದ್ದರೆ ಅದನ್ನೇ ಬರೆಯುತ್ತಿದ್ದಳು. ಅವಳು ಅದನ್ನು ನುಂಗಿದಳು.

“ಭವನದ ಮಾಳಿಗಿ ಸೋರತೈತಿ, ಕಿಡಕಿಗೆ ಬಾಗಲಾ ಇಲ್ಲ. ಮಕ್ಕಳು ಅಲ್ಲಿ ಥಂಡಿ ಹಿಡದು ಮಲಗತಾವ ಅಂತ ನಿನಗ ಚಿಂತಿ ಇತ್ತು. ನಿನಗ ಮಕ್ಕಳಿಲ್ಲ. ಈ ಪಡಸಾಲ್ಯಾಗ ಮಕ್ಕಳ ದನಿ ಕೇಳಬೇಕು ಅಂತ ಆಸಿ ಇತ್ತು. ಬಾಡಿಗಿ ಬ್ಯಾಡ ಅಂದದ್ದೂ ಮನಸಿನಿಂದಽ ಅಂದಿ.”

ಗೌರಕ್ಕನ ಕೈ ಮೊರದ ಮೇಲೆ ನಿಂತಿತು. ಆಮೇಲೆ, “ಅಷ್ಟಽ ಏನು?” ಎಂದಳು.

“ಅಲ್ಲ ಅತ್ತಿ.”

“ಮತ್ತ?”

“ಸಣ್ಣಿನ್ನ ಕಟ್ಟಿ ಮ್ಯಾಲ ಕುಂಡ್ರಸತಿದ್ದಿ.”

ಗೌರಕ್ಕ ಮೊರದಿಂದ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

“ಹೌದು,” ಎಂದಳು. ಸ್ವಲ್ಪ ತಡೆದು, ಮುಖ ಎತ್ತಿ ಕೇಳಿದಳು, “ನೀ ಏನು ಮಾಡತಿದ್ದಿ?”

ಹೊರಗೆ ಹತ್ತಿ ಗಾಡಿಯೊಂದು ಹಾದುಹೋಯಿತು. ಅದು ಪೂರ್ತಿ ದಾಟುವವರೆಗೂ ನೀಲಾಂಬಿಕೆ ಕಂಬವನ್ನು ಹಿಡಿದೇ ಇದ್ದಳು.

“ಒಳಗ ಕುಂತು ನೋಡತಿದ್ದೆ,” ಎಂದಳು.